ಒಂದೊಂದು ರೆಪೊಗೂ ಅದರದೇ ಗಡುವು

ನಮ್ಮ ಆಫೀಸು ಚಿಕ್ಕಬಳ್ಳಾಪುರದಲ್ಲಿ, ಬಿತ್ತನೆ ಬೀಜದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿದೆ. ತರಕಾರಿ ಮಂಡಿಗಳಿಗೆ, ಶಿಡ್ಲಘಟ್ಟದ ಕಡೆ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಫಿಲೇಚರ್‌ಗಳಿಗೆ ತೂಕ, ರಸೀದಿ, ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಬೆಂಗಳೂರಿಗೆ ದಿನಾ ಓಡಾಡಿದ್ದು ಸಾಕೆನಿಸಿದ ಮೇಲೆ ನಾನು ಇಲ್ಲಿ ಸೇರಿಕೊಂಡೆ. ಮನೆಯಿಂದ ನಡೆದೇ ಬರುವಷ್ಟು ದೂರ. ಮಧ್ಯಾಹ್ನ ಬಿಸಿ ಊಟ ಸಿಗುತ್ತದೆ. ಅಷ್ಟು ಸಿಕ್ಕಿದವರಿಗೆ ಇನ್ನೇನು ಬೇಕು ಎಂದುಕೊಂಡಿದ್ದವಳು ನಾನು.

ನಮ್ಮಲ್ಲಿ ಒಂದೊಂದು ಸಾಫ್ಟ್‌ವೇರಿನ ಕೋಡನ್ನೂ ಬೇರೆ ಬೇರೆ ಜಾಗದಲ್ಲಿ ಇಟ್ಟಿರುತ್ತೇವೆ. ಅದಕ್ಕೆ ರೆಪೊಸಿಟರಿ ಅನ್ನುತ್ತಾರೆ, ಬಾಯಿಮಾತಿನಲ್ಲಿ ರೆಪೊ. ತಕ್ಕಡಿಯ ಜೊತೆ ಮಾತಾಡುವ ಕೋಡಿಗೆ ಒಂದು ರೆಪೊ, ಲೆಕ್ಕಕ್ಕೆ ಒಂದು, ರಸೀದಿಗೆ ಒಂದು, ಹೀಗೆ. ಯಾರೇ ಆಗಲಿ ಕೋಡಿನಲ್ಲಿ ಬದಲಾವಣೆ ಮಾಡಿದರೆ ಅದನ್ನು ನೇರವಾಗಿ ಸೇರಿಸುವಂತಿಲ್ಲ. 'ಇದನ್ನು ಸೇರಿಸಿಕೊಳ್ಳಿ' ಎಂದು ಪುಲ್ ರಿಕ್ವೆಸ್ಟ್ ಕಳಿಸಬೇಕು. ಇನ್ನೊಬ್ಬರು ಅದನ್ನು ಓದಿ, ತಪ್ಪಿದ್ದರೆ ತೋರಿಸಿ, ಸರಿಯಿದ್ದರೆ ಒಪ್ಪಿಗೆ ಕೊಡಬೇಕು. ಓದುವ ಕೆಲಸಕ್ಕೆ ರಿವ್ಯೂ ಎಂದು ಹೆಸರು. ಪುಲ್ ರಿಕ್ವೆಸ್ಟನ್ನು ನಾವೆಲ್ಲ ಪಿಆರ್ ಎಂದೇ ಕರೆಯುತ್ತೇವೆ.

ಪಿಆರ್‌ಗಳು ಯಾರೂ ಓದದೆ ಬಿದ್ದಿರುತ್ತವೆ ಎಂಬ ದೂರು ಜಾಸ್ತಿಯಾದಾಗ ನಾನೊಂದು ಮಾನಿಟರ್, ಅಂದರೆ ಕಾವಲು ಕಾಯುವ ಪ್ರೋಗ್ರಾಂ, ಬರೆದೆ. ಆಫೀಸಿನ ವೇಳೆಯಲ್ಲಿ ಆಗಾಗ ಎಲ್ಲ ರೆಪೊಗಳಲ್ಲೂ ತೆರೆದಿರುವ ಪಿಆರ್‌ಗಳನ್ನು ನೋಡುವುದು ಅದರ ಕೆಲಸ. ರಿವ್ಯೂ ಕೇಳಿ ಒಂದು ದಿನ ಕಳೆದಿದ್ದರೆ, ಅಥವಾ ಒಂದೇ ಪಿಆರ್‌ನಲ್ಲಿ ನಾಲ್ಕುನೂರು ಸಾಲಿಗಿಂತ ಹೆಚ್ಚು ಬದಲಾಗಿದ್ದರೆ, ನಮ್ಮ ಗುಂಪಿನ ಚಾಟ್‌ನಲ್ಲಿ ರಿವ್ಯೂ ಮಾಡಬೇಕಾದವರ ಹೆಸರು ಹಿಡಿದು ಸಂದೇಶ ಹಾಕುತ್ತಿತ್ತು. ಎಲ್ಲ ರೆಪೊಗೂ ಒಂದೇ ಗಡುವು, ಒಂದೇ ಮಿತಿ. ಮೊದಮೊದಲು ಎಲ್ಲರೂ ಚೆನ್ನಾಗಿದೆ ಅಂದರು. ಬಿದ್ದಿದ್ದ ಪಿಆರ್‌ಗಳು ಬೇಗ ಬೇಗ ಮುಗಿದವು. ನನಗೂ ಹೆಮ್ಮೆಯಾಗಿತ್ತು.

ಆಫೀಸಿನಲ್ಲಿ ಇಬ್ಬರ ಬಗ್ಗೆ ಇಲ್ಲಿ ಹೇಳಬೇಕು. ಒಬ್ಬರು ಗೌರಿಬಿದನೂರಿನವರು. ನಮ್ಮೆಲ್ಲರಿಗಿಂತ ಹಿರಿಯರು, ಲೆಕ್ಕದ ರೆಪೊ ಅವರದು. ಹೆಚ್ಚಾಗಿ ಊರಿನಿಂದಲೇ ಕೆಲಸ ಮಾಡುತ್ತಾರೆ, ವಾರಕ್ಕೊಮ್ಮೆ ಬರುತ್ತಾರೆ. ಎಲ್ಲರೂ ಅವರನ್ನು ಅಣ್ಣ ಅನ್ನುತ್ತೇವೆ. ಇನ್ನೊಬ್ಬಳು ಶಿಡ್ಲಘಟ್ಟದವಳು, ತಕ್ಕಡಿಯ ರೆಪೊ ನೋಡಿಕೊಳ್ಳುವವಳು. ಅವಳ ಮನೆಯವರು ಹಿಂದೆ ರೇಷ್ಮೆ ಹುಳು ಸಾಕುತ್ತಿದ್ದರು, ಅವಳಿಗೆ ಗೂಡಿನ ವ್ಯವಹಾರ ಚಿಕ್ಕಂದಿನಿಂದ ಗೊತ್ತು. ಅವಳು ಸೇರಿದಾಗ ಕೋಡ್ ಓದುವುದನ್ನು ಕಲಿಸಿದವರು ಅಣ್ಣನೇ. ಅವಳ ಪಿಆರ್‌ಗಳನ್ನು ರಿವ್ಯೂ ಮಾಡುವವರೂ ಅವರೇ. ಅವರಿಬ್ಬರ ನಡುವಿನ ರಿವ್ಯೂ ಓದುವುದೇ ಒಂದು ಸಂತೋಷ. ಅವರು ಒಂದು ಪ್ರಶ್ನೆ ಹಾಕುವರು, ಇವಳು ಎರಡು ಉತ್ತರ ಕೊಡುವಳು, ಅವರು ಎರಡನೆಯದನ್ನು ಒಪ್ಪಿ ಮೊದಲನೆಯದನ್ನು ಕೆಣಕುವರು.

ಅಂಥವರ ನಡುವೆ ಮಾತು ನಿಂತದ್ದು ನನಗೆ ತಡವಾಗಿ ಗೊತ್ತಾಯಿತು. ಒಂದು ದಿನ ಅವಳು ನನ್ನ ಮೇಜಿನ ಹತ್ತಿರ ಬಂದು, "ಅಕ್ಕ, ಇನ್ಮೇಲೆ ನನ್ನ ಪಿಆರ್ ನೀವೇ ನೋಡ್ತೀರಾ?" ಎಂದು ಕೇಳಿದಳು.

"ಯಾಕೆ, ಅಣ್ಣ ಇಲ್ವಾ?"

"ಅವ್ರು ನನ್ನನ್ನ ಬಿಟ್ಬಿಡಿ ಅಂತ ಬರ್ದಿದ್ದಾರೆ."

ಅವಳು ಫೋನಿನಲ್ಲಿ ತೋರಿಸಿದಳು. 'ದಯವಿಟ್ಟು ಈ ರೆಪೊಗೆ ಬೇರೆ ರಿವ್ಯೂಯರ್ ನೋಡಿಕೊಳ್ಳಿ' ಎಂಬ ಒಂದೇ ಸಾಲು. ಅವಳ ಮುಖ ನೋಡಿ ನಾನು ಹೆಚ್ಚು ಕೇಳಲಿಲ್ಲ. ಅವರಿಗೆ ಕೆಲಸ ಜಾಸ್ತಿ ಇರಬಹುದು ಎಂದೆ. ಅವಳು ಇಲ್ಲ ಎಂಬಂತೆ ತಲೆಯಾಡಿಸಿ ಹೋದಳು.

ಅದೇ ವಾರ ಇನ್ನೊಂದಾಯಿತು. ಚಿಂತಾಮಣಿಯ ಮಂಡಿಯೊಂದರಲ್ಲಿ ಪ್ರಿಂಟರ್ ಬದಲಾಯಿಸಿದ್ದರು. ಹೊಸ ಪ್ರಿಂಟರಿನಲ್ಲಿ ರಸೀದಿಯ ಕನ್ನಡದ ಒತ್ತಕ್ಷರಗಳು ಒಡೆದು, ಬಾಲ ಒಂದು ಕಡೆ ತಲೆ ಒಂದು ಕಡೆ ಬರುತ್ತಿದ್ದವು. ಮಂಡಿಯವರು ತಿಳಿಸಿದ ದಿನವೇ ಅದನ್ನು ಸರಿಮಾಡಿದ ಪಿಆರ್ ಸಿದ್ಧವಾಗಿತ್ತು. ಆದರೆ ಅದನ್ನು ಯಾರೂ ಓದಿರಲಿಲ್ಲ. ಅವರು ಮತ್ತೆ ಫೋನ್ ಮಾಡಿ, "ರೈತರು ಇದು ನನ್ನ ಹೆಸ್ರೇ ಅಲ್ಲ ಅಂತ ರಸೀದಿ ವಾಪಸ್ ಕೊಡ್ತಾ ಇದಾರೆ, ಯಾವಾಗ ಸರಿ ಮಾಡ್ತೀರಾ?" ಎಂದು ಕೇಳಿದಾಗಲೇ ನಮಗೆ ಎಚ್ಚರವಾದದ್ದು. ಮಾನಿಟರ್ ತನ್ನ ಕೆಲಸ ಮಾಡಿತ್ತು, ದಿನವೂ ಸಂದೇಶ ಹಾಕಿತ್ತು. ವಿಚಾರಿಸಿದರೆ, ಆಫೀಸಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ಆ ಗುಂಪಿನ ಸದ್ದು ಅಡಗಿಸಿಟ್ಟಿದ್ದರು. ದಿನಾ ಬೆಳಿಗ್ಗೆ ಬರುವ ಸಂದೇಶಗಳಲ್ಲಿ ಮುಕ್ಕಾಲು ಪಾಲು ತಕ್ಕಡಿ ರೆಪೊದ್ದು, ತೆರೆಯ ಮೇಲಿನ ಮಾತುಗಳನ್ನು ಬೇರೆ ಭಾಷೆಗೆ ತರುವ ಅನುವಾದದ ರೆಪೊದ ಉದ್ದುದ್ದ ಫೈಲುಗಳದ್ದು. ಓದಿ ಏನೂ ಮಾಡುವಂತಿಲ್ಲದ ಸಂದೇಶಗಳು. ಅವುಗಳ ನಡುವೆ ಚಿಂತಾಮಣಿಯದೂ ಒಂದಾಗಿ ಹೋಗಿತ್ತು.

ಆಫೀಸಿನ ಮುಖ್ಯಸ್ಥರು, ನಾವು ಸರ್ ಅನ್ನುವವರು, ಸಭೆ ಕರೆದರು. "ಯಾರೂ ನೋಡ್ದೇ ಇರೋ ಮಾನಿಟರ್ ಯಾತಕ್ಕೆ? ತೆಗ್ದುಬಿಡೋಣ," ಎಂದರು.

ನನಗೆ ಅದು ಸರಿಯೆನಿಸಲಿಲ್ಲ. "ಸರ್, ಅದು ಬೇಡದ ಕಡೆ ಕೂಗ್ತಾ ಇದೆ, ಅದಕ್ಕೇ ಯಾರೂ ಕೇಳಿಸ್ಕೊಳ್ತಿಲ್ಲ. ಒಂದೊಂದು ರೆಪೊ ಕೆಲ್ಸದ ರೀತಿ ಒಂದೊಂದು ಥರ. ಪ್ರತಿ ರೆಪೊದಲ್ಲೂ ಒಂದು ಸಣ್ಣ ಫೈಲ್ ಇಟ್ಟು, ಅಲ್ಲಿನ ಗಡುವು ಅಲ್ಲೇ ಬರೆಯೋ ಹಾಗೆ ಮಾಡಿದ್ರೆ ಸರಿಹೋಗುತ್ತೆ," ಎಂದೆ.

"ಎಲ್ರೂ ಅವರವರಿಗೆ ಬೇಕಾದ ಹಾಗೆ ಗಡುವು ಬರ್ಕೊಂಡ್ರೆ ನಿಯಮ ಅಂತ ಯಾಕಿರ್ಬೇಕು?"

ಪ್ರಶ್ನೆ ನ್ಯಾಯವಾದದ್ದೇ. ಯೋಚನೆ ಮಾಡಿ ಹೇಳುತ್ತೇನೆ, ಅದಕ್ಕೆ ಮುಂಚೆ ಕೆಲಸ ಮಾಡುವವರ ಹತ್ತಿರ ಹೋಗಿ ನೋಡಿ ಬರುತ್ತೇನೆ ಎಂದೆ. ಸರ್ ಒಪ್ಪಿದರು.

ಮೊದಲು ಹೋದದ್ದು ಶಿಡ್ಲಘಟ್ಟಕ್ಕೆ. ಅವಳ ಜೊತೆಗೇ ಬೆಳಗಿನ ಬಸ್ಸು ಹಿಡಿದೆ. ನಮ್ಮ ತಕ್ಕಡಿ ಸಾಫ್ಟ್‌ವೇರ್ ಪರೀಕ್ಷೆ ಮಾಡಲು ಜಾಗ ಕೊಟ್ಟಿರುವ ಫಿಲೇಚರ್ ಒಂದು ಗಲ್ಲಿಯ ಕೊನೆಯಲ್ಲಿದೆ. ಬಾಗಿಲ ಹತ್ತಿರ ಬರುವಾಗಲೇ ಬೇಯುವ ಗೂಡಿನ ವಾಸನೆ. ಅವಳಿಗೆ ಅದರ ಪರಿವೆಯೇ ಇಲ್ಲ, ನನ್ನ ಸೆರಗು ಮೂಗಿಗೆ ಹೋಯಿತು. ಒಳಗೆ ಬಿಸಿನೀರಿನ ತೊಟ್ಟಿಗಳ ಮುಂದೆ ಹೆಂಗಸರು ಕೂತು ಎಳೆ ಹುಡುಕುತ್ತಿದ್ದರು. ಮಾರುಕಟ್ಟೆಯಿಂದ ಆಗಷ್ಟೇ ಬಂದ ಗೂಡಿನ ಚೀಲಗಳು ತಕ್ಕಡಿಯ ಮುಂದೆ ಸಾಲಾಗಿದ್ದವು. ಒಂದಾದ ಮೇಲೊಂದು ತೂಕ ಆಗುತ್ತಲೇ ಇತ್ತು.

ಅವಳು ಗೋಡೆ ಪಕ್ಕದ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಳು. "ನೋಡಿ ಅಕ್ಕ, ಈಗ ನಾನು ಹೊಸ ಕೋಡ್ ಹಾಕೋಕಾಗಲ್ಲ. ತೂಕ ಮುಗಿಯೋವರೆಗೂ ತಕ್ಕಡಿ ಮುಟ್ಟೋ ಹಾಗಿಲ್ಲ."

"ಮುಗಿದ ಮೇಲೆ?"

"ಮುಗಿದ ಮೇಲೆ ಸಿಗುತ್ತೆ. ಆದ್ರೆ ಇವತ್ತು ಗೂಡು ಬಂತು ಅಂತ ಸಿಗುತ್ತೆ. ಗೂಡು ತಗೊಳ್ದಿರೋ ದಿನ ಇವರು ಬಾಗಿಲೇ ತೆಗೆಯಲ್ಲ. ಒದ್ದೆ ಗೂಡು ಬಂದಾಗ ಒಂದು ಸಲ, ಒಣಗಿರೋದು ಬಂದಾಗ ಒಂದು ಸಲ ನೋಡ್ಬೇಕು. ಎರಡೂ ಒಂದೇ ದಿನ ಬರ್ತಾವಾ?"

ಅಷ್ಟರಲ್ಲಿ ಫಿಲೇಚರಿನ ಯಜಮಾನರು ಚಹಾ ತರಿಸಿದರು. ನಗುವ ಮುಖದ ವಯಸ್ಸಾದವರು. "ನಿಮ್ಮ ಹುಡುಗಿ ಬಹಳ ತಾಳ್ಮೆ ಮೇಡಂ. ಕೂತ್ಕೊಂಡೇ ಇರ್ತಾಳೆ. ನಾನೇ ಹೇಳ್ತೀನಿ, ಬೇಟಿ, ಮನೆಗೆ ಹೋಗಿ ಬಾ, ತಕ್ಕಡಿ ಖಾಲಿಯಾದ್ರೆ ಫೋನ್ ಮಾಡ್ತೀನಿ ಅಂತ," ಎಂದರು.

ಚಹಾ ಕುಡಿಯುತ್ತ ಅವಳು ನಡೆದದ್ದನ್ನು ಹೇಳಿದಳು. ಅವಳು ಪಿಆರ್ ಕಳಿಸಿದ ದಿನವೇ ಅಣ್ಣ ಓದಿ ಮುಗಿಸುತ್ತಿದ್ದರು. ಅವಳು ತಕ್ಕಡಿಗೆ ಹಾಕಿ ನೋಡುವ ಮೊದಲೇ ಒಪ್ಪಿಗೆ ಕೊಡುವುದು ಅವರ ಜಾಯಮಾನವಲ್ಲ, ಅದನ್ನು ಅವರೇ ಅವಳಿಗೆ ಕಲಿಸಿದ್ದು. ಹಾಗಾಗಿ ಪಿಆರ್ ಹಲವು ದಿನ ತೆರೆದೇ ಇರುತ್ತಿತ್ತು. ಮಾನಿಟರಿಗೆ ಇದೆಲ್ಲ ಏನು ಗೊತ್ತು? ದಿನಾ ಬೆಳಿಗ್ಗೆ ಎಲ್ಲರ ಮುಂದೆ ಅವರ ಹೆಸರು ಹಾಕಿ 'ರಿವ್ಯೂ ಬಾಕಿ' ಎಂದು ಬರೆಯುತ್ತಿತ್ತು. ಯಾರೋ ಒಬ್ಬರು ತಮಾಷೆಗೆ ನಿದ್ದೆಯ ಚಿತ್ರ ಹಾಕಿದ್ದರಂತೆ. ಮಾರನೆಯ ದಿನವೇ ಅಣ್ಣ ಆ ಒಂದು ಸಾಲು ಬರೆದದ್ದು.

"ನನ್ನಿಂದ ಅವರಿಗೆ ಅವಮಾನ ಆಯ್ತು ಅಂತ ಅಂದ್ಕೊಂಡೆ. ಕೇಳೋಕೂ ಮುಖ ಬರ್ಲಿಲ್ಲ," ಎಂದಳು.

ತಕ್ಕಡಿ ಖಾಲಿಯಾದದ್ದು ಮಧ್ಯಾಹ್ನ ಊಟದ ಹೊತ್ತು ಮೀರಿದ ಮೇಲೆ. ಅವಳು ಹೊಸ ಕೋಡ್ ಹಾಕಿ, ಗೂಡಿನ ಬುಟ್ಟಿ ಇಟ್ಟು ತೆಗೆದು, ಮತ್ತೆ ಇಟ್ಟು, ತೆರೆಯ ಮೇಲಿನ ಅಂಕಿ ಅಲುಗಾಡದೆ ನಿಲ್ಲುವವರೆಗೆ ಕಾದು ನೋಡಿದಳು. ನಾನು ಬರೆದ ಗಡುವಿನಲ್ಲಿ ಈ ಕಾಯುವಿಕೆಗೆ ಜಾಗವೇ ಇರಲಿಲ್ಲ. ವಾಪಸ್ ಬರುವ ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆಯಿಟ್ಟು ನಿದ್ದೆ ಹೋದಳು. ನಾನು ಫೈಲಿನಲ್ಲಿ ಏನೇನಿರಬೇಕು ಎಂದು ಮನಸ್ಸಿನಲ್ಲೇ ಬರೆದುಕೊಳ್ಳುತ್ತ ಬಂದೆ.

ಗೌರಿಬಿದನೂರಿಗೆ ಮಂಚೇನಹಳ್ಳಿ ಮೇಲೆ ಹೋಗುವ ಬಸ್ಸಿನಲ್ಲಿ ಹೋದೆ. ಅಣ್ಣನ ಮನೆಯಲ್ಲಿ ಅವರೆಕಾಳು ಸಾರು, ಮುದ್ದೆ. ಅವರ ಹೆಂಡತಿ ಬಡಿಸುತ್ತ, "ಆಫೀಸ್ ಮಾತು ಊಟ ಆದ್ಮೇಲೆ ಆಡಿಕೊಳ್ರಪ್ಪ," ಎಂದು ಮೊದಲೇ ಹೇಳಿಬಿಟ್ಟರು. ಹಾಗಾಗಿ ಉಂಡು ಕೈತೊಳೆದು ಜಗಲಿಯಲ್ಲಿ ಕೂತ ಮೇಲೆಯೇ ನಾನು ವಿಷಯ ತೆಗೆದದ್ದು.

"ನಿಮಗೆ ಬೇಜಾರಾಗಿದೆ ಅಂತ ಗೊತ್ತಾಯ್ತು ಅಣ್ಣ."

"ಆ ಹುಡುಗಿ ಮೇಲೆ ನಂಗೇನೂ ಇಲ್ಲಮ್ಮ. ಅವಳು ಅಷ್ಟೆಲ್ಲ ಮನಸ್ಸಿಗೆ ಹಚ್ಕೊಂಡಳಾ? ನಾನು ಓದಿ ಮುಗ್ಸಿ ಕೂತಿರೋ ಪಿಆರ್‌ಗೆ ದಿನಾ ಬೆಳಿಗ್ಗೆ ನನ್ನ ಹೆಸರು ಕೂಗಿದ್ರೆ ಏನನ್ಸುತ್ತೆ ಹೇಳು. ಆ ಗಡಿಯಾರ ಓಡ್ಬೇಕಾದ್ದು ನನ್ನ ತಲೆ ಮೇಲಲ್ಲ."

"ಅದನ್ನೇ ಸರಿ ಮಾಡೋಕೆ ಬಂದಿದ್ದೀನಿ," ಎಂದು ಲ್ಯಾಪ್‌ಟಾಪ್ ತೆರೆದೆ.

ನಾನು ಯೋಚಿಸಿದ್ದು ಹೀಗಿತ್ತು. ಆಫೀಸಿಗೆಲ್ಲ ಒಂದು ಸಾಮಾನ್ಯ ಫೈಲು. ಏನೂ ಹೇಳದ ರೆಪೊಗೆ ಅದೇ ಅನ್ವಯ. ರೆಪೊದ ಒಳಗೆ ಇಡುವ ಫೈಲಿನಲ್ಲಿ ಅಲ್ಲಿಗೆ ಬೇರೆಯಾಗಿ ಬೇಕಾದದ್ದನ್ನು ಮಾತ್ರ ಬರೆಯಬೇಕು, ಉಳಿದದ್ದು ಸಾಮಾನ್ಯ ಫೈಲಿನಿಂದ ತಾನಾಗಿ ಬರುತ್ತದೆ. ನಾಳೆ ಆಫೀಸಿನ ಗಡುವು ಬದಲಾದರೆ ಒಂದೇ ಕಡೆ ತಿದ್ದಿದರೆ ಸಾಕು. ಇನ್ನು ರೆಪೊದ ಒಳಗೂ ಎಲ್ಲ ಪಿಆರ್ ಒಂದೇ ಥರ ಇರುವುದಿಲ್ಲ. ಅದಕ್ಕೆ ಓವರ್‌ರೈಡ್. ಪಿಆರ್ ಮೇಲೆ ಇಂಥ ಲೇಬಲ್ ಇದ್ದರೆ, ಅಥವಾ ಇಂಥ ಫೋಲ್ಡರಿನ ಫೈಲು ಬದಲಾಗಿದ್ದರೆ, ಆ ರೆಪೊದ ಮಾಮೂಲು ಗಡುವಿನ ಬದಲು ಈ ಗಡುವು ಎಂದು. 'ತಕ್ಕಡಿ ಪರೀಕ್ಷೆ' ಎಂಬ ಲೇಬಲ್ ಅಂಟಿಸಿದರೆ ಗಡುವು ಐದು ಕೆಲಸದ ದಿನ. ಅದು ಮೀರಿದರೆ ಸಂದೇಶ ಹೋಗುವುದು ಪಿಆರ್ ಕಳಿಸಿದವಳಿಗೆ, ರಿವ್ಯೂ ಮಾಡುವವರಿಗಲ್ಲ. ಪರೀಕ್ಷೆ ಮುಗಿದು ಅವಳು ಲೇಬಲ್ ತೆಗೆದರೆ ಆಗ ಒಪ್ಪಿಗೆ ಕೊಡುವ ಸರದಿ ಅವರದು.

ಅಣ್ಣ ಕನ್ನಡಕ ಹಾಕಿಕೊಂಡು ಓದಿದರು. ಅವರು ಓದುವಾಗ ಮಾತಾಡಿಸಬಾರದು. ನಾನು ಎದುರಿನ ರಸ್ತೆ ನೋಡುತ್ತ ಕೂತೆ.

"ಒಂದೇ ಪಿಆರ್‌ಗೆ ಎರಡು ಓವರ್‌ರೈಡ್ ತಾಕಿದ್ರೆ?" ಎಂದು ಕೇಳಿದರು. "ತಕ್ಕಡಿ ಲೇಬಲ್ಲೂ ಇದೆ, ಜೊತೆಗೆ ತೂಕದಿಂದ ಲೆಕ್ಕ ಹಾಕೋ ಫೋಲ್ಡರನ್ನೂ ಮುಟ್ಟಿದ್ದಾಳೆ ಅಂತ ಇಟ್ಕೋ. ಅದು ಐದು ದಿನ ಅನ್ನುತ್ತೆ, ಇದು ಅರ್ಧ ದಿನ ಅನ್ನುತ್ತೆ. ಯಾವ್ದು ಗೆಲ್ಲುತ್ತೆ?"

"ಕೊನೆಗೆ ಬರೆದಿದ್ದು ಅಂತ ಇಟ್ಟಿದ್ದೆ."

"ಬೇಡ. ಯಾರೋ ಸಾಲು ಮೇಲೆ ಕೆಳಗೆ ಮಾಡ್ತಾರೆ, ಗಡುವೇ ಬದಲಾಗೋಗುತ್ತೆ. ಎರಡರಲ್ಲಿ ಬಿಗಿಯಾಗಿರೋದೇ ಗೆಲ್ಲಲಿ."

ನಾನು ಬರೆದುಕೊಂಡೆ. ಅವರು ಇನ್ನೂ ಓದುತ್ತಿದ್ದರು. "ಫೈಲಲ್ಲಿ ಏನೋ ಕಾಗುಣಿತ ತಪ್ಪಾದ್ರೆ? ಗಡುವು ಅನ್ನೋ ಪದವೇ ತಪ್ಪು ಬರ್ದ್ರೆ?"

ಅರ್ಥವಾಗದ ಪದ ಕಂಡರೆ ಮಾನಿಟರ್ ಸುಮ್ಮನೆ ದಾಟಿಹೋಗದೆ, ಆ ಫೈಲನ್ನು ತಿದ್ದಿದ ಪಿಆರ್ ಮೇಲೆಯೇ ತಪ್ಪು ಎಂದು ತೋರಿಸಿ ತಡೆಯುತ್ತದೆ ಎಂದೆ. ಬರೇ ಇಪ್ಪತ್ನಾಲ್ಕು ಎಂದು ಬರೆದರೂ ಒಪ್ಪುವುದಿಲ್ಲ, ಗಂಟೆಯೋ ದಿನವೋ ಎಂದು ಜೊತೆಯಲ್ಲೇ ಹೇಳಬೇಕು. ಅಷ್ಟಾಗಿಯೂ ಹೇಗೋ ಕೆಟ್ಟ ಫೈಲು ಒಳಗೆ ಸೇರಿಬಿಟ್ಟರೆ ಆಫೀಸಿನ ಸಾಮಾನ್ಯ ಗಡುವಿಗೆ ಹೋಗುತ್ತದೆ.

"ನನ್ನ ಲೆಕ್ಕದ ರೆಪೊ ಗಡುವು ಸಾಮಾನ್ಯಕ್ಕಿಂತ ಬಿಗಿ. ಫೈಲು ಕೆಟ್ಟ ದಿನ ಅದು ಸಡಿಲ ಆಗ್ಬೇಕಾ?"

ನನಗೆ ಅದು ಹೊಳೆದಿರಲಿಲ್ಲ. ಕೊನೆಗೆ ಇಬ್ಬರೂ ಕೂಡಿ ತೀರ್ಮಾನಿಸಿದೆವು. ಕೆಟ್ಟ ಫೈಲು ಕಂಡರೆ ಆ ರೆಪೊದ ಇತಿಹಾಸದಲ್ಲಿ ಹಿಂದೆ ಹೋಗಿ, ಸರಿಯಾಗಿದ್ದ ಕೊನೆಯ ಪ್ರತಿಯನ್ನು ಬಳಸಬೇಕು. ಬಳಸುತ್ತಿದ್ದೇನೆ ಎಂದು ಗುಂಪಿನಲ್ಲಿ ಹೇಳಬೇಕು. ಹಿಂದೆ ಸರಿಯಾದದ್ದೇ ಇಲ್ಲದಿದ್ದರೆ ಮಾತ್ರ ಸಾಮಾನ್ಯ ಫೈಲು.

"ಸರ್ ಒಂದು ಕೇಳಿದ್ರು," ಎಂದೆ. "ಎಲ್ರೂ ಬೇಕಾದ ಹಾಗೆ ಬರ್ಕೊಂಡ್ರೆ ನಿಯಮ ಯಾತಕ್ಕೆ ಅಂತ."

"ಸರಿಯಾಗೇ ಕೇಳಿದ್ದಾರೆ. ಬೇಸತ್ತವನು ಗಡುವು ಸಾವಿರ ದಿನ ಅಂತ ಬರೀತಾನೆ. ಕಟ್ಟೆ ಹಾಕು. ಇಷ್ಟರೊಳಗೆ ನೀವೇ ಬರ್ಕೊಳ್ಳಿ, ಇದನ್ನ ದಾಟೋ ಹಾಗಿಲ್ಲ ಅಂತ."

ಹತ್ತು ಕೆಲಸದ ದಿನ ಮೀರಿದ ಯಾವ ಗಡುವೂ ಒಪ್ಪಿಗೆಯಿಲ್ಲ ಎಂಬ ಕಟ್ಟೆ ಅಂದು ಆ ಜಗಲಿಯಲ್ಲೇ ಹುಟ್ಟಿದ್ದು. ಅದನ್ನು ಆಫೀಸಿನ ಸಾಮಾನ್ಯ ಫೈಲಿನಲ್ಲಿ ಬರೆದಿದ್ದೇವೆ, ರೆಪೊದ ಫೈಲಿನಿಂದ ಅದನ್ನು ಮೀರಲಾಗುವುದಿಲ್ಲ. ಹೊರಡುವಾಗ ಅಣ್ಣ ಬಸ್ ನಿಲ್ದಾಣದವರೆಗೆ ಬಂದರು. "ಸರ್ಲೇಮ್ಮ," ಎಂದರು, ಅವರಿಗೆ ಸಮಾಧಾನವಾದಾಗ ತೆಲುಗು ಬರುತ್ತದೆ. "ಮೊದಲು ಆ ತಕ್ಕಡಿ ರೆಪೊಗೇ ಹಾಕಿ ನೋಡು. ಆಮೇಲೆ ನೋಡಣ."

ಕೋಡ್ ಬರೆಯುವುದಕ್ಕೆ ಹೆಚ್ಚು ಸಮಯ ಹಿಡಿಯಲಿಲ್ಲ. ಸಮಯ ಹಿಡಿದದ್ದು ಸಂದೇಶದ ಮಾತಿಗೆ. ಹಳೆಯ ಸಂದೇಶ ಬರೇ 'ರಿವ್ಯೂ ಬಾಕಿ' ಅನ್ನುತ್ತಿತ್ತು. ಹೊಸದು ಯಾರನ್ನು ಕಾಯುತ್ತಿದೆ, ಎಷ್ಟು ಗಡುವು, ಆ ಗಡುವು ಎಲ್ಲಿಂದ ಬಂತು ಎಂಬ ಮೂರನ್ನೂ ಹೇಳಬೇಕಿತ್ತು. ಸಾಮಾನ್ಯ ಫೈಲಿನದೋ, ಈ ರೆಪೊದ ಫೈಲಿನದೋ, ಯಾವುದಾದರೂ ಓವರ್‌ರೈಡಿನದೋ? ಅದು ಗೊತ್ತಿದ್ದರೆ ಬೇಸರವಾದವರು ಮನುಷ್ಯರ ಮೇಲೆ ರೇಗುವ ಬದಲು ಹೋಗಿ ಆ ಸಾಲನ್ನು ತಿದ್ದಬಹುದು. ಗಡುವನ್ನು ಆಫೀಸಿನ ವೇಳೆಯಲ್ಲಿ ಮಾತ್ರ ಎಣಿಸುವ ಹಾಗೆಯೂ ಮಾಡಿದೆ. ಶನಿವಾರ ಸಂಜೆ ಕಳಿಸಿದ ಪಿಆರ್ ಸೋಮವಾರ ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಹಳೆಯದಾಗಿರುವುದು ಅನ್ಯಾಯ.

ತಕ್ಕಡಿ ರೆಪೊದ ಫೈಲನ್ನು ಅವಳೇ ಬರೆದಳು. ಅಂಗೈಯಷ್ಟು ಚಿಕ್ಕದು. ಅದನ್ನು ಎಲ್ಲರೂ ಆಫೀಸಿನಲ್ಲಿದ್ದ ದಿನ ಸೇರಿಸಿದೆವು. ಅಣ್ಣನೂ ಬಂದಿದ್ದರು. ಇಬ್ಬರೂ ಒಂದೇ ಕೋಣೆಯಲ್ಲಿದ್ದರೂ ಅವಳು ಅವರ ಕಡೆ ನೋಡುತ್ತಿರಲಿಲ್ಲ, ಅವರಿಗೂ ಎಲ್ಲಿಂದ ಶುರು ಮಾಡುವುದೋ ತಿಳಿಯುತ್ತಿರಲಿಲ್ಲ.

ಮಾನಿಟರ್ ಹೊಸ ಫೈಲನ್ನು ಓದಿತು. ತೆರೆದಿದ್ದ ಪಿಆರ್‌ಗಳಿಗೆಲ್ಲ ಹೊಸ ಗಡುವು ಬಂತು. ಎಲ್ಲರೂ ಚೆನ್ನಾಗಿದೆ ಅಂದರು. ಅಷ್ಟರಲ್ಲಿ ಅವಳು ಇನ್ನೊಂದು ಪಿಆರ್ ಕಳಿಸಿದಳು. ತಕ್ಕಡಿಯ ಕೋಡನ್ನು ದೊಡ್ಡದಾಗಿ ಬದಲಾಯಿಸುವ ಪಿಆರ್ ಅದು, ಸಾಲುಗಳ ಮಿತಿಗಿಂತ ಎಷ್ಟೋ ಹೆಚ್ಚು. ಜೊತೆಗೆ ಅದೇ ಪಿಆರ್‌ನಲ್ಲಿ ಫೈಲನ್ನೂ ತಿದ್ದಿ ಸಾಲುಗಳ ಮಿತಿ ಏರಿಸಿದ್ದಳು. ಮಾನಿಟರ್ ಒಂದು ಮಾತೂ ಆಡಲಿಲ್ಲ.

ಅಣ್ಣ ತೆರೆಯ ಹತ್ತಿರ ಬಗ್ಗಿ ನೋಡಿದರು. "ಇದ್ಯಾಕೆ ಸುಮ್ನಿದೆ?"

ಹುಡುಕಿದರೆ, ನಾನು ಫೈಲನ್ನು ಓದುತ್ತಿದ್ದದ್ದು ಆಯಾ ಪಿಆರ್‌ನ ಬ್ರಾಂಚಿನಿಂದ, ಇನ್ನೂ ಸೇರಿಸದ ಆ ಬೇರೆ ಪ್ರತಿಯಿಂದ. ಅಂದರೆ ಪಿಆರ್ ತನ್ನ ಜೊತೆಯಲ್ಲೇ ತನ್ನ ಮಿತಿಯನ್ನೂ ತಂದುಕೊಂಡಿತ್ತು. ಇನ್ನೂ ಯಾರೂ ಒಪ್ಪದ ಬದಲಾವಣೆ ಆಗಲೇ ಜಾರಿಯಾಗಿಬಿಟ್ಟಿತ್ತು.

"ಬೇಲಿನೇ ಎದ್ದು ಹೊಲ ಮೇಯ್ದಂಗಾಯ್ತು," ಎಂದರು ಅಣ್ಣ.

ಅವಳ ಮುಖ ಕೆಂಪಾಯಿತು. "ನಾನೇನು ಮೋಸ ಮಾಡೋಕೆ ಹಾಕಿಲ್ಲ. ತಕ್ಕಡಿ ಕಂಪನಿಯವರು ಕೊಟ್ಟ ದೊಡ್ಡ ಪಟ್ಟಿ ಫೈಲಿದೆ, ಅದನ್ನ ಯಾರೂ ಓದಬೇಕಾಗಿಲ್ಲ, ಅದಕ್ಕೇ ಏರಿಸಿದ್ದು."

ಸರ್ ಏನೋ ಹೇಳಲು ಬಾಯಿ ತೆರೆದರು, ಆದರೆ ಅಣ್ಣನೇ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತರು.

"ನಿನ್ನನ್ನ ಅನ್ಲಿಲ್ಲಮ್ಮ, ಫೈಲನ್ನ ಅಂದೆ," ಎಂದರು. "ನೀನು ಇವತ್ತು ಹೀಗೆ ಮಾಡ್ದೇ ಇದ್ದಿದ್ರೆ ಈ ತೂತು ನಮಗೆ ಕಾಣ್ತಾನೇ ಇರ್ಲಿಲ್ಲ. ಇದಕ್ಕೆ ಟೆಸ್ಟ್ ನೀನೇ ಬರಿ. ನಾನು ರಿವ್ಯೂ ಮಾಡ್ತೀನಿ."

ಅವಳು ತೆರೆಯನ್ನೇ ನೋಡುತ್ತ, "ರಿವ್ಯೂ ಬೇಡ ಅಂತ ಬರ್ದಿದ್ರಲ್ಲ," ಎಂದಳು.

"ಬರ್ದಿದ್ದೆ. ಮಾನಿಟರ್ ಮೇಲಿನ ಕೋಪ ನಿನ್ನ ರೆಪೊ ಮೇಲೆ ಹೋಯ್ತು. ನಿನಗೊಂದು ಫೋನ್ ಮಾಡ್ಬೇಕಿತ್ತು, ಮಾಡ್ಲಿಲ್ಲ."

"ನಾನೂ ಮಾಡ್ಲಿಲ್ಲ ಬಿಡಿ ಅಣ್ಣ," ಎಂದಳು. ಅಷ್ಟೇ. ನಾನು ನೀರು ಕುಡಿಯುವ ನೆಪದಲ್ಲಿ ಎದ್ದು ಹೋದೆ. ಸರ್ ಕೂಡ ಫೋನ್ ಬಂದವರ ಹಾಗೆ ಹೊರಗೆ ಹೋದರು.

ಆ ಮಧ್ಯಾಹ್ನ ಮಾನಿಟರನ್ನು ತಿದ್ದಿದೆ. ಗಡುವು, ಮಿತಿಗಳನ್ನು ಯಾವಾಗಲೂ ಮೇನ್ ಬ್ರಾಂಚಿನಲ್ಲಿರುವ, ಅಂದರೆ ಒಪ್ಪಿಗೆಯಾಗಿ ಸೇರಿದ ಫೈಲಿನಿಂದಲೇ ಓದುವುದು. ಪಿಆರ್‌ನೊಳಗಿನ ಹೊಸ ಫೈಲನ್ನು ತಪ್ಪಿದೆಯೇ ಎಂದು ಪರೀಕ್ಷಿಸುವುದು, ಆದರೆ ಅದು ಒಪ್ಪಿಗೆಯಾಗಿ ಸೇರುವವರೆಗೆ ಪಾಲಿಸದಿರುವುದು. ಅವಳು ಆ ತೂತನ್ನು ಹಿಡಿಯುವ ಟೆಸ್ಟ್ ಬರೆದಳು. ಹಳೆಯ ಕೋಡಿಗೆ ಹಾಕಿದರೆ ಟೆಸ್ಟ್ ಫೇಲಾಯಿತು, ಹೊಸದಕ್ಕೆ ಹಾಕಿದರೆ ಪಾಸಾಯಿತು. ಅಣ್ಣ ರಿವ್ಯೂನಲ್ಲಿ ಒಂದು ಪ್ರಶ್ನೆ ಹಾಕಿದರು, ಅವಳು ಎರಡು ಉತ್ತರ ಕೊಟ್ಟಳು. ಆ ದೊಡ್ಡ ಪಟ್ಟಿಗೂ ದಾರಿ ಸಿಕ್ಕಿತು. ಮಿತಿಯನ್ನು ಏರಿಸುವ ಬದಲು, ಆ ಒಂದು ಫೋಲ್ಡರಿನ ಸಾಲುಗಳನ್ನು ಎಣಿಕೆಗೆ ಹಿಡಿಯಬೇಡ ಎಂದು ಫೈಲಿನಲ್ಲಿ ಬರೆದರು. ಅನುವಾದದ ರೆಪೊದವರು ಅದನ್ನು ನೋಡಿ ತಮಗೂ ಅದೇ ಬೇಕೆಂದರು.

ಸರ್ ಸಂಜೆ ಒಂದು ಕೇಳಿದರು. "ಈ ಫೈಲನ್ನ ತಿದ್ದೋರು ಯಾರು?"

"ಯಾರು ಬೇಕಾದ್ರೂ ಪಿಆರ್ ಕಳಿಸ್ಬಹುದು ಸರ್. ಆದ್ರೆ ಅದನ್ನ ಆ ರೆಪೊದವರಲ್ಲದೆ ಹೊರಗಿನವರೊಬ್ರು ಒಪ್ಪಬೇಕು. ಕಟ್ಟೆ ತಿದ್ದಬೇಕಾದ್ರೆ ನಿಮ್ಮ ಒಪ್ಪಿಗೆ."

"ಹಾಗಾದ್ರೆ ಇರ್ಲಿ," ಎಂದರು. ಮಾನಿಟರ್ ಉಳಿದದ್ದು ಆ ಮಾತಿನಲ್ಲಿ.

ಮುಂದಿನ ವಾರಗಳಲ್ಲಿ ಒಂದೊಂದಾಗಿ ಬೇರೆ ರೆಪೊಗಳಿಗೂ ಫೈಲು ಬಂತು. ಕೆಲವಕ್ಕೆ ಬೇಕೇ ಆಗಲಿಲ್ಲ, ಅವು ಸಾಮಾನ್ಯ ಫೈಲಿನಲ್ಲೇ ಸುಖವಾಗಿದ್ದವು. ಅಣ್ಣ ಲೆಕ್ಕದ ರೆಪೊಗೆ ಬಿಗಿ ಗಡುವು ಹಾಕಿ, ಇಬ್ಬರ ಒಪ್ಪಿಗೆ ಇಲ್ಲದಿದ್ದರೆ ಎಚ್ಚರಿಸು ಎಂದೂ ಬರೆದುಕೊಂಡರು. ರಸೀದಿಯ ರೆಪೊದಲ್ಲಿ 'ಮಂಡಿ ಕಾಯುತ್ತಿದೆ' ಎಂಬ ಲೇಬಲ್ ಹುಟ್ಟಿತು. ಅದು ಬಿದ್ದರೆ ಎರಡೇ ಗಂಟೆಯ ಗಡುವು. ಬೆಳಿಗ್ಗೆ ಗುಂಪಿನಲ್ಲಿ ಬರುವ ಸಂದೇಶಗಳು ಬೆರಳೆಣಿಕೆಗೆ ಇಳಿದವು, ಕೆಲವು ದಿನ ಒಂದೂ ಇರುತ್ತಿರಲಿಲ್ಲ. ಸದ್ದು ಅಡಗಿಸಿಟ್ಟವರು ಒಬ್ಬೊಬ್ಬರಾಗಿ ಮತ್ತೆ ತೆರೆದರು. ಯಾರಿಗೂ ಹಾಗೆ ಮಾಡಿ ಎಂದು ನಾನು ಹೇಳಲಿಲ್ಲ.

ಎಲ್ಲವೂ ನುಣ್ಣಗೆ ನಡೆಯಿತು ಅಂತಲ್ಲ. ಲೇಬಲ್ ತೆಗೆಯುವುದನ್ನು ಅವಳು ಮರೆತು, ಪರೀಕ್ಷೆ ಮುಗಿದ ಪಿಆರ್ ಸುಮ್ಮನೆ ಕೂತದ್ದೂ ಉಂಟು. ಐದು ದಿನ ಮೀರಿದಾಗ ಸಂದೇಶ ಅವಳಿಗೇ ಹೋಯಿತು. ಅವಳು ನಾಲಿಗೆ ಕಚ್ಚಿಕೊಂಡು ಲೇಬಲ್ ತೆಗೆದಳು, ಅಣ್ಣ ಅಂದೇ ಒಪ್ಪಿಗೆ ಕೊಟ್ಟರು. ಹೀಗಾಗುವುದನ್ನು ನೋಡುವಾಗ ನನಗೆ ಒಳಗೊಳಗೇ ಖುಷಿ. ಮರೆವಿಗೂ ಜಾಗವಿರುವ ಹಾಗೆ ಮಾಡಿದ್ದೆವು.

ಸ್ವಲ್ಪ ದಿನದ ಮೇಲೆ ಅಣ್ಣ ತಾವಾಗಿಯೇ ಶಿಡ್ಲಘಟ್ಟಕ್ಕೆ ಹೋಗಿ ಬರೋಣ ಎಂದರು. ಇಷ್ಟು ವರ್ಷ ತಕ್ಕಡಿಯ ಕೋಡ್ ಓದಿದ್ದರೂ ಆ ತಕ್ಕಡಿಯನ್ನು ಅವರು ನೋಡಿರಲಿಲ್ಲ. ಮೂವರೂ ಹೋದೆವು. ಅಂದು ಒಣಗಿದ ಗೂಡು ಬಂದಿತ್ತು, ತೂಕ ಬೇಗ ಮುಗಿಯಿತು. ಅವಳು ಬುಟ್ಟಿ ಇಡುವುದು ಹೇಗೆ, ತೆರೆಯ ಅಂಕಿ ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂದು ತೋರಿಸಿದಳು. ಅಣ್ಣ ತಾವೇ ಒಂದು ಬುಟ್ಟಿ ಇಟ್ಟು ನೋಡಿದರು. ಅಂಕಿ ಕುಣಿಯಿತು.

"ಮೆಲ್ಲಗೆ ಇಡಿ ಅಣ್ಣ, ಕೈ ಬಿಟ್ಟು ನಿಂತ್ಕೊಳ್ಳಿ," ಎಂದಳು.

ಅವರು ಕೈಬಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಉಸಿರು ಬಿಗಿಹಿಡಿದವರಂತೆ ನಿಂತರು. ಫಿಲೇಚರಿನ ಯಜಮಾನರಿಗೆ ನಗು ತಡೆಯಲಾಗಲಿಲ್ಲ. ತೊಟ್ಟಿಯ ಮುಂದೆ ಕೂತ ಹೆಂಗಸರೂ ಕೆಲಸ ನಿಲ್ಲಿಸಿ ನಕ್ಕರು. ಪರೀಕ್ಷೆ ಮುಗಿಸಿ ಅವಳ ಮನೆಗೆ ಹೋದೆವು. ಅವಳ ತಾಯಿ ಚಿತ್ರಾನ್ನ ಮಾಡಿಟ್ಟಿದ್ದರು. ಅಣ್ಣನಿಗೆ ಎರಡನೇ ಸಲ ಬಡಿಸಿ, ಬೇಡವೆಂದರೂ ಕೇಳದೆ ಮೂರನೇ ಸಲವೂ ಬಡಿಸಿದರು. ಹಿತ್ತಲಲ್ಲಿ ಹಿಪ್ಪುನೇರಳೆ ಗಿಡವೊಂದು ಹಣ್ಣು ಬಿಟ್ಟಿತ್ತು. ಅವಳು ಒಂದು ಹಿಡಿ ಕಿತ್ತು ತಂದುಕೊಟ್ಟಳು, ಬಸ್ಸು ಬರುವವರೆಗೆ ತಿನ್ನುತ್ತ ನಿಂತೆವು.